ಬಟವಾಡೆ ಪಟ್ಟಿಯ ಮೂರನೇ ಹಾಳೆ: ಉದ್ದದ ಕೋಷ್ಟಕದಲ್ಲಿ ಶೀರ್ಷಿಕೆ ಸಾಲು ಮತ್ತು ಪುಟದ ವಿಂಗಡಣೆ

ಚಿಂತಾಮಣಿಯಲ್ಲಿ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ನನಗೆ, ಹಾಲು ಉತ್ಪಾದಕರ ಸಹಕಾರ ಸಂಘಗಳ ವಾರ್ಷಿಕ ಮಹಾಸಭೆ ಹತ್ತಿರ ಬಂದಾಗಲೆಲ್ಲ ಕೈತುಂಬ ಪಟ್ಟಿಗಳ ಕೆಲಸವೇ ಇರುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಸಂಘಕ್ಕೆ ಬೋನಸ್ ಬಟವಾಡೆ ಪಟ್ಟಿ ಮಾಡಿಕೊಟ್ಟಿದ್ದೆ. ಅದರಲ್ಲಿ ಕ್ರಮ ಸಂಖ್ಯೆ, ಸದಸ್ಯತ್ವ ಸಂಖ್ಯೆ, ಹೆಸರು ಮತ್ತು ಲೀಟರ್ ಎಂಬ ಅಂಕಣಗಳ ಬಳಿಕ ಹಣದ ಮೂರು ಅಂಕಣಗಳಿದ್ದವು: ಸದಸ್ಯರಿಗೆ ಸಲ್ಲುವ ಬೋನಸ್, ಪಶು ಆಹಾರದ ಬಾಕಿಗಾಗಿ ಹಿಡಿದುಕೊಳ್ಳುವ ಕಡಿತ, ಕೊನೆಗೆ ಕೈಗೆ ಬರುವ ಮೊತ್ತ. ಎಲ್ಲಕ್ಕಿಂತ ಬಲಕ್ಕೆ ಸಹಿಯ ಜಾಗವಿತ್ತು. ಮೊದಲ ಹಾಳೆಯಲ್ಲಿ ಎಲ್ಲವೂ ಸರಿಯಾಗಿತ್ತು. ಮೂರನೇ ಹಾಳೆಯಲ್ಲಿ ಶೀರ್ಷಿಕೆ ಇರಲಿಲ್ಲ. ಒಬ್ಬ ಸದಸ್ಯೆಯ ಹೆಸರಿನ ಮುಂದೆ 1,860, 1,150, 710 ಎಂಬ ಮೂರು ಅಂಕಿಗಳು ಬರಿದೇ ನಿಂತಿದ್ದವು. ಕೈಗೆ ಬರಬೇಕಾದದ್ದು 710 ರೂಪಾಯಿ. ಆಕೆಯ ಮಗ ನಡುವಿನ 1,150ರ ಮೇಲೆ ಬೆರಳಿಟ್ಟು ಇಷ್ಟು ಕೊಡಿ ಎಂದು ಪಟ್ಟು ಹಿಡಿದನಂತೆ. ಕಾರ್ಯದರ್ಶಿಯವರು ಮರುದಿನ ಹಾಳೆ ಹಿಡಿದುಕೊಂಡು ಅಂಗಡಿಗೆ ಬಂದು, “ಸಾರ್, ಇದ್ರಲ್ಲಿ ಕಡಿತ ಯಾವ್ದು, ಕೈಗೆ ಬರೋದ್ಯಾವ್ದು ಅಂತ ನಂಗೇ ಗೊತ್ತಾಗ್ಲಿಲ್ಲ,” ಎಂದರು.

ತಪ್ಪು ನನ್ನದೇ. ಅದನ್ನು ಸರಿಪಡಿಸುವಾಗ ಕಲಿತದ್ದನ್ನು, ನಮ್ಮ ಕಡೆಯ ಹೆಚ್ಚಿನ ಅಂಗಡಿಗಳಲ್ಲಿ ಬಳಕೆಯಲ್ಲಿರುವ ಮೈಕ್ರೋಸಾಫ್ಟ್ ವರ್ಡ್ ತಂತ್ರಾಂಶವನ್ನೇ ಮುಂದಿಟ್ಟುಕೊಂಡು ವಿವರಿಸುತ್ತೇನೆ.

ಶೀರ್ಷಿಕೆಯಿಲ್ಲದ ಹಾಳೆ ಕಂಡಾಗ ಎಲ್ಲರಿಗೂ ಮೊದಲು ಹೊಳೆಯುವ ಉಪಾಯವೆಂದರೆ, ಮೊದಲ ಪುಟದ ಶೀರ್ಷಿಕೆ ಸಾಲನ್ನು ಕಾಪಿ ಮಾಡಿ ಪ್ರತಿ ಪುಟದ ಮೇಲ್ಭಾಗದಲ್ಲಿ ಪೇಸ್ಟ್ ಮಾಡುವುದು. ಪಟ್ಟಿ ಇನ್ನು ಬದಲಾಗುವುದೇ ಇಲ್ಲ ಎಂದಿದ್ದರೆ ಇದೂ ನಡೆಯುತ್ತದೆ. ಆದರೆ ಬಟವಾಡೆ ಪಟ್ಟಿ ಮಹಾಸಭೆಯ ಹಿಂದಿನ ಸಂಜೆಯವರೆಗೂ ಬದಲಾಗುತ್ತಲೇ ಇರುತ್ತದೆ. ಬಿಟ್ಟುಹೋದ ಇಬ್ಬರು ಸದಸ್ಯರನ್ನು ಮೊದಲ ಪುಟದಲ್ಲಿ ಸೇರಿಸಿದರೆ ಅದರ ಕೆಳಗಿನ ಸಾಲುಗಳೆಲ್ಲ ಎರಡೆರಡು ಸಾಲು ಕೆಳಗೆ ಜಾರುತ್ತವೆ, ಪೇಸ್ಟ್ ಮಾಡಿದ ಶೀರ್ಷಿಕೆಯೂ ಅವುಗಳ ಜೊತೆಯಲ್ಲೇ ಜಾರಿ ಪುಟದ ಮೇಲ್ತುದಿಯನ್ನು ಬಿಟ್ಟು ಎರಡು ಹೆಸರುಗಳ ಕೆಳಗೆ ಹೋಗಿ ಕೂರುತ್ತದೆ. ಏಕೆಂದರೆ ವರ್ಡ್‌ನ ಲೆಕ್ಕದಲ್ಲಿ ಅದು ಶೀರ್ಷಿಕೆಯಲ್ಲ, ರಾಮಪ್ಪ, ಲಕ್ಷ್ಮಮ್ಮ ಎಂಬ ಹೆಸರುಗಳ ನಡುವೆ ಇರುವ ಇನ್ನೊಂದು ಸಾಮಾನ್ಯ ಸಾಲು. ಯಾವ ಸಾಲು ಶೀರ್ಷಿಕೆ ಎಂಬುದನ್ನು ನಾವು ಅದಕ್ಕೆ ಹೇಳಬೇಕು.

ಹೇಳುವ ವಿಧಾನ ಸರಳ. ಕೋಷ್ಟಕದ ಎಡ ಅಂಚಿನ ಹೊರಗೆ ಮೌಸ್ ಇಟ್ಟು ಮೇಲಿನ ಶೀರ್ಷಿಕೆ ಸಾಲುಗಳನ್ನು ಆಯ್ದುಕೊಂಡು, ಕೋಷ್ಟಕಕ್ಕೆ ಸಂಬಂಧಿಸಿದ `Layout` ಟ್ಯಾಬ್‌ನಲ್ಲಿ `Repeat Header Rows` ಒತ್ತಬೇಕು. ಇದೇ ಆಯ್ಕೆ `Table Properties` ಕಿಟಕಿಯ `Row` ಭಾಗದಲ್ಲಿ `Repeat as header row at the top of each page` ಎಂಬ ಹೆಸರಿನಲ್ಲಿಯೂ ಇದೆ. ಆಗಿನಿಂದ ಕೋಷ್ಟಕ ಹೊಸ ಪುಟಕ್ಕೆ ಹರಿದಾಗಲೆಲ್ಲ ವರ್ಡ್ ಆ ಸಾಲುಗಳ ಪ್ರತಿಬಿಂಬವನ್ನು ಪುಟದ ಮೇಲೆ ತಾನೇ ತೋರಿಸುತ್ತದೆ. ಪ್ರತಿಬಿಂಬ ಎಂದು ಬೇಕೆಂದೇ ಬರೆದಿದ್ದೇನೆ: ಮೂರನೇ ಪುಟದಲ್ಲಿ ಕಾಣುವ ಶೀರ್ಷಿಕೆಯೊಳಗೆ ಕರ್ಸರ್ ಇಟ್ಟು ತಿದ್ದಲು ಬರುವುದಿಲ್ಲ, ಮೊದಲ ಪುಟದಲ್ಲಿ ತಿದ್ದಿದರೆ ಎಲ್ಲ ಕಡೆಯೂ ತಿದ್ದಿದಂತೆ. ಹೀಗೆ ಬಂದದ್ದು ನಿಜವಾಗಿ ಮರುಕಳಿಸುವ ಶೀರ್ಷಿಕೆಯೋ, ಯಾರೋ ಪೇಸ್ಟ್ ಮಾಡಿದ್ದೋ ಎಂದು ಪರೀಕ್ಷಿಸುವುದಕ್ಕೂ ಇದೇ ದಾರಿ. ಎರಡನೇ ಪುಟದ ಶೀರ್ಷಿಕೆಯ ಅಕ್ಷರವನ್ನು ಅಳಿಸಲು ಬಂದರೆ ಅದು ಪೇಸ್ಟ್ ಮಾಡಿದ್ದು. ಈ ಪ್ರತಿಬಿಂಬ `Print Layout` ನೋಟದಲ್ಲಿ ಮತ್ತು ಮುದ್ರಣದಲ್ಲಿ ಮಾತ್ರ ಕಾಣುತ್ತದೆ ಎಂಬುದು ನೆನಪಿರಲಿ. ಬೇರೆ ನೋಟದಲ್ಲಿ ಹುಡುಕಿ ಗಾಬರಿಯಾಗಬೇಕಿಲ್ಲ.

ನಮ್ಮ ಪಟ್ಟಿಯ ಶೀರ್ಷಿಕೆ ಎರಡು ಸಾಲಿನದು. ಮೇಲಿನ ಸಾಲಿನಲ್ಲಿ ‘ಪಾವತಿ ವಿವರ’ ಎಂಬ ಅಗಲವಾದ ಒಂದು ಚೌಕ, ಅದರ ಕೆಳಗೆ ಬೋನಸ್, ಕಡಿತ, ಕೈಗೆ ಬರುವ ಮೊತ್ತ ಎಂಬ ಮೂರು ಚೌಕಗಳು. ‘ಹೆಸರು’ ಎಂಬುದು ಎರಡೂ ಸಾಲುಗಳನ್ನು ಕೂಡಿಸಿದ ಎತ್ತರದ ಚೌಕ. ಇಂಥಲ್ಲಿ ಮೇಲಿನ ಒಂದೇ ಸಾಲನ್ನು ಆಯ್ದು ಗುರುತು ಹಾಕಿದರೆ ಮುಂದಿನ ಪುಟಗಳಲ್ಲಿ ‘ಪಾವತಿ ವಿವರ’ ಮಾತ್ರ ಬಂದು, ಮುಖ್ಯವಾದ ಮೂರು ಹೆಸರುಗಳೇ ತಪ್ಪಿಹೋಗುತ್ತವೆ. ಆದ್ದರಿಂದ ಎರಡೂ ಸಾಲುಗಳನ್ನು ಒಟ್ಟಿಗೆ ಆಯ್ದುಕೊಳ್ಳಬೇಕು. ಆಯ್ಕೆಯಲ್ಲಿ ಕೋಷ್ಟಕದ ಮೊಟ್ಟಮೊದಲ ಸಾಲು ಸೇರಿರಲೇಬೇಕು. ನಡುವಿನ ಯಾವುದೋ ಒಂದು ಸಾಲನ್ನು ಶೀರ್ಷಿಕೆ ಮಾಡಲು ವರ್ಡ್ ಒಪ್ಪುವುದಿಲ್ಲ. ಈ ಮಿತಿ ಮುಂದೆ ಇನ್ನೊಂದು ಕಡೆ ನಮ್ಮನ್ನು ತಡೆಯುತ್ತದೆ.

ಇಷ್ಟು ಮಾಡಿದ ಮೇಲೂ ಶೀರ್ಷಿಕೆ ಬರುವುದಿಲ್ಲ ಎಂದು ಬೇರೆ ಅಂಗಡಿಯವರು ನನಗೆ ಫೋನ್ ಮಾಡುವುದುಂಟು. ಹತ್ತರಲ್ಲಿ ಎಂಟು ಸಲ ಕಾರಣ ಒಂದೇ: ಕೋಷ್ಟಕದ ಒಳಗೆ `Ctrl+Enter` ಒತ್ತಿರುತ್ತಾರೆ. ಒಂದು ಊರಿನ ಸದಸ್ಯರು ಮುಗಿದ ಮೇಲೆ ಮುಂದಿನ ಊರು ಹೊಸ ಹಾಳೆಯಿಂದ ಆರಂಭವಾಗಲಿ ಎಂಬ ಆಸೆ ಸಹಜವಾದದ್ದೇ. ಆದರೆ ಆ ಕೀಲಿಗಳು ಸಾಲನ್ನು ಮುಂದಿನ ಪುಟಕ್ಕೆ ತಳ್ಳುವುದಿಲ್ಲ, ಕೋಷ್ಟಕವನ್ನು ಅಲ್ಲಿಗೆ ಕತ್ತರಿಸಿ ಎರಡು ಕೋಷ್ಟಕಗಳನ್ನಾಗಿ ಮಾಡಿ, ಅವುಗಳ ನಡುವೆ ಪೇಜ್ ಬ್ರೇಕ್ ಇಡುತ್ತವೆ. ಕೆಳಗಿನ ತುಂಡಿಗೆ ಶೀರ್ಷಿಕೆ ಸಾಲೇ ಇಲ್ಲ, ಇದ್ದದ್ದು ಮೇಲಿನ ತುಂಡಿಗೆ. ಇಲ್ಲದ್ದನ್ನು ವರ್ಡ್ ಮರುಕಳಿಸುವುದು ಹೇಗೆ? ಹೀಗಾಗಿದೆಯೇ ಎಂದು ತಿಳಿಯಲು, ಕೋಷ್ಟಕದ ಎಡ ಮೂಲೆಯಲ್ಲಿ ಕಾಣುವ ನಾಲ್ಕು ಬಾಣಗಳ ಗುರುತನ್ನು ಒತ್ತಿ ನೋಡಿ. ಪಟ್ಟಿಯ ಕೊನೆಯವರೆಗೂ ಆಯ್ಕೆಯಾಗದೆ ನಡುವೆಯೇ ನಿಂತರೆ ಕೋಷ್ಟಕ ಅಲ್ಲಿ ತುಂಡಾಗಿದೆ ಎಂದರ್ಥ. `Home` ಟ್ಯಾಬ್‌ನ `¶` ಗುರುತನ್ನು ಒತ್ತಿದರೆ ನಡುವೆ ಅಡಗಿರುವ `Page Break` ಎಂಬ ಬರಹವೂ ಕಾಣುತ್ತದೆ. ಅದನ್ನೂ ಅದರ ಖಾಲಿ ಪ್ಯಾರಾವನ್ನೂ ಅಳಿಸಿದರೆ ಎರಡು ತುಂಡುಗಳು ಮತ್ತೆ ಕೂಡಿಕೊಳ್ಳುತ್ತವೆ.

ಕೋಷ್ಟಕವನ್ನು ಕತ್ತರಿಸದೆ ಹೊಸ ಪುಟ ಆರಂಭಿಸಲು ಬೇರೆ ದಾರಿಯಿದೆ. ಯಾವ ಸಾಲು ಹೊಸ ಪುಟದಲ್ಲಿ ಮೊದಲು ಬರಬೇಕೋ ಆ ಸಾಲಿನಲ್ಲಿ ಕರ್ಸರ್ ಇಟ್ಟು, `Paragraph` ಕಿಟಕಿಯ `Line and Page Breaks` ಭಾಗದಲ್ಲಿ `Page break before` ಎಂಬುದಕ್ಕೆ ಗುರುತು ಹಾಕಬೇಕು. ಇದು ಪುಟವನ್ನು ಒಡೆಯುವ ವಸ್ತುವಲ್ಲ, ಆ ಸಾಲಿಗೆ ಅಂಟಿಕೊಂಡ ಗುಣ. ಮೇಲೆ ಹತ್ತು ಹೆಸರು ಸೇರಿದರೂ, ಐದು ಹೆಸರು ಹೋದರೂ ಆ ಸಾಲು ಎಲ್ಲಿದೆಯೋ ಅಲ್ಲಿಂದ ಹೊಸ ಪುಟ ಆರಂಭವಾಗುತ್ತದೆ, ಕೋಷ್ಟಕ ಒಂದಾಗಿಯೇ ಉಳಿಯುವುದರಿಂದ ಶೀರ್ಷಿಕೆಯೂ ಅದರ ತಲೆಯ ಮೇಲೆ ಬರುತ್ತದೆ. ನನ್ನ ಅನುಭವದಲ್ಲಿ ಇಡೀ ವಿಷಯದಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲದ ಸಂಗತಿ ಇದೊಂದೇ.

ಉಳಿದ ಇಬ್ಬರಲ್ಲಿ ಒಬ್ಬರ ತೊಂದರೆ, ಕೋಷ್ಟಕವನ್ನು ಇನ್ನೊಂದು ಕೋಷ್ಟಕದ ಚೌಕದೊಳಗೆ ಕೂರಿಸಿರುವುದು. ಪುಟಕ್ಕೆ ಅಂಚಿನ ಗೆರೆ ಬೇಕೆಂದು ಇಡೀ ಪಟ್ಟಿಯನ್ನು ಒಂದು ದೊಡ್ಡ ಚೌಕದೊಳಗೆ ಹಾಕುವ ಅಭ್ಯಾಸ ಕೆಲವರಿಗಿದೆ, ಒಳಗಿನ ಕೋಷ್ಟಕದ ಶೀರ್ಷಿಕೆ ಆಗ ಮರುಕಳಿಸುವುದಿಲ್ಲ. ಇನ್ನೊಬ್ಬರದು `Table Properties` ಒಳಗೆ `Text wrapping` ಎಂಬುದು `Around` ಎಂದಿರುವುದು. ಉದ್ದದ ಪಟ್ಟಿಗೆ ಅದು ಯಾವಾಗಲೂ `None` ಆಗಿರಲಿ.

ಈಗ ಒಂದು ಸಾಲೇ ಎರಡು ಪುಟಗಳಿಗೆ ಹರಿದು ಹಂಚಿಹೋಗುವ ವಿಚಾರ. ಉದ್ದನೆಯ ಹೆಸರೊಂದು ಚೌಕದಲ್ಲಿ ಎರಡು ಗೆರೆಯಾಗಿದ್ದು ಅದು ಪುಟದ ತುದಿಗೆ ಬಂದರೆ, ‘ಮುನಿವೆಂಕಟಪ್ಪ’ ಎಂಬುದು ಈ ಹಾಳೆಯಲ್ಲಿ, ‘ಬಿನ್ ಚಿಕ್ಕನಾರಾಯಣಪ್ಪ’ ಎಂಬುದು ಆ ಹಾಳೆಯಲ್ಲಿ ಬೀಳುತ್ತದೆ. ಸಹಿ ಎಲ್ಲಿ ಮಾಡಬೇಕೆಂಬುದೇ ಗೊಂದಲವಾಗುತ್ತದೆ. ಇಡೀ ಕೋಷ್ಟಕವನ್ನು ಆಯ್ದು `Row` ಭಾಗದಲ್ಲಿ `Allow row to break across pages` ಎಂಬುದರ ಗುರುತನ್ನು ತೆಗೆದರೆ, ಸಾಲು ಪೂರ್ತಿಯಾಗಿ ಹಿಡಿಸದಿದ್ದಲ್ಲಿ ಇಡಿಯಾಗಿ ಮುಂದಿನ ಪುಟಕ್ಕೆ ಹೋಗುತ್ತದೆ. ಅಲ್ಲೇ ಇರುವ ಎತ್ತರದ ಆಯ್ಕೆಯಲ್ಲಿ `Exactly` ಬದಲು `At least` ಇರಲಿ. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ, ಇಂಗ್ಲಿಷ್ ಹೆಸರಿಗೆ ಸರಿಹೋಗುವ ಬಿಗಿಯಾದ ಎತ್ತರದಲ್ಲಿ ‘ಲಕ್ಷ್ಮಮ್ಮ’ ಎಂಬ ಹೆಸರಿನ ಕೆಳಗಿನ ಒತ್ತುಗಳು ಕತ್ತರಿಸಿಹೋಗಿ ಓದಲು ಕಷ್ಟವಾಗುತ್ತದೆ.

ಇಲ್ಲಿಂದ ಮುಂದಿನದು ತಂತ್ರಾಂಶಕ್ಕಿಂತ ವಿವೇಚನೆಗೆ ಸೇರಿದ್ದು. ಆ ಸಂಘದ ವ್ಯಾಪ್ತಿಗೆ ಮೂರು ಊರುಗಳಿದ್ದವು. ದೊಡ್ಡ ಊರಿನಲ್ಲಿ 83 ಸದಸ್ಯರು, ಎರಡನೆಯದರಲ್ಲಿ 41, ಚಿಕ್ಕ ಹಳ್ಳಿಯಲ್ಲಿ 24. ಒಟ್ಟು 148. ಹಣ ಹಂಚಲು ಕಾರ್ಯದರ್ಶಿಯವರು ಒಂದೊಂದು ದಿನ ಒಂದೊಂದು ಊರಿಗೆ ಹೋಗುವವರಾದ್ದರಿಂದ ಪ್ರತಿ ಊರಿನ ಹಾಳೆಗಳು ಬೇರೆಯಾಗಿರಬೇಕಿತ್ತು. ಮೊದಲು ನಾನು ಎಡಭಾಗದಲ್ಲಿ ‘ಗ್ರಾಮ’ ಎಂಬ ಅಂಕಣ ಮಾಡಿ, ಒಂದು ಊರಿನ ಸಾಲುಗಳ ಚೌಕಗಳನ್ನೆಲ್ಲ ಕೂಡಿಸಿ ಊರಿನ ಹೆಸರನ್ನು ಒಮ್ಮೆ ಮಾತ್ರ ಬರೆದಿದ್ದೆ. ನೋಡಲು ಚೆಂದವಾಗಿತ್ತು, ಆದರೆ ಕೂಡಿಸಿದ ಚೌಕದಲ್ಲಿ ಬರಹ ಒಂದೇ ಕಡೆ ಇರುವುದರಿಂದ ಪುಟ ತಿರುಗಿದ ಮೇಲೆ ಆ ಅಂಕಣ ಖಾಲಿಯಾಗಿತ್ತು. ಬಳಿಕ ಊರಿನ ಹೆಸರನ್ನು ಅಗಲವಾದ ಒಂದು ಅಡ್ಡಸಾಲಾಗಿ ಮಾಡಿ, ಅದಕ್ಕೆ `Page break before` ಕೊಟ್ಟೆ. ಊರು ಹೊಸ ಹಾಳೆಯಿಂದ ಆರಂಭವಾಯಿತು, ಆದರೂ ಅದೇ ಊರಿನ ಎರಡನೇ ಹಾಳೆಯಲ್ಲಿ ಅಂಕಣಗಳ ಹೆಸರು ಬಂದು ಊರಿನ ಹೆಸರು ಬರಲಿಲ್ಲ. ನಡುವಿನ ಸಾಲನ್ನು ಶೀರ್ಷಿಕೆಯಾಗಿ ಮರುಕಳಿಸಲು ಆಗದು ಎಂದೆನಲ್ಲ, ಆ ಮಿತಿ ಅಡ್ಡ ಬಂದದ್ದು ಇಲ್ಲಿ.

ಕೊನೆಗೆ ಉಳಿದ ದಾರಿ, ಒಂದು ಕೋಷ್ಟಕದ ಬದಲು ಊರಿಗೊಂದರಂತೆ ಮೂರು ಕೋಷ್ಟಕಗಳನ್ನೇ ಮಾಡುವುದು. ಪ್ರತಿಯೊಂದರ ಮೊದಲ ಸಾಲಿನಲ್ಲಿ ಊರಿನ ಹೆಸರು, ಅದರ ಕೆಳಗೆ ಎರಡು ಸಾಲಿನ ಶೀರ್ಷಿಕೆ. ಈ ಮೂರು ಸಾಲುಗಳನ್ನೂ ಒಟ್ಟಿಗೆ ಆಯ್ದು `Repeat Header Rows`. ಈಗ ಯಾವ ಹಾಳೆ ಕೈಯಿಂದ ಜಾರಿ ಬಿದ್ದರೂ ಅದು ಯಾವ ಊರಿನದೆಂದು ಅದೇ ಹೇಳುತ್ತದೆ. ಎರಡು ಕೋಷ್ಟಕಗಳ ನಡುವೆ ಒಂದು ಖಾಲಿ ಪ್ಯಾರಾ ಇರಲೇಬೇಕು, ಇಲ್ಲದಿದ್ದರೆ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆ ಪ್ಯಾರಾದ ಅಕ್ಷರದ ಗಾತ್ರವನ್ನೂ ಸಾಲಿನ ಅಂತರವನ್ನೂ 1 ಪಾಯಿಂಟಿಗೆ ಇಳಿಸಿ, ಹಿಂದೆ ಮುಂದೆ ಅಂತರವಿಲ್ಲದಂತೆ ಮಾಡಿ, ಅದಕ್ಕೇ `Page break before` ಕೊಟ್ಟರೆ ಅದು ಹೊಸ ಪುಟದ ತಲೆಯಲ್ಲಿ ಕಣ್ಣಿಗೆ ಕಾಣದಂತೆ ಕೂತು, ಅದರ ಕೆಳಗೆ ಮುಂದಿನ ಊರಿನ ಕೋಷ್ಟಕ ಆರಂಭವಾಗುತ್ತದೆ. ಇದಕ್ಕೆ ಒಂದು ಬೆಲೆಯೂ ಇದೆ: ಒಂದು ಅಂಕಣದ ಅಗಲ ಬದಲಿಸಿದರೆ ಮೂರರಲ್ಲೂ ಬದಲಿಸಬೇಕು. ಅದಕ್ಕಾಗಿ ಮೊದಲ ಕೋಷ್ಟಕವನ್ನು ಪೂರ್ತಿ ಸರಿಮಾಡಿಕೊಂಡ ಮೇಲೆಯೇ ಅದರ ನಕಲು ತೆಗೆದು ಉಳಿದೆರಡನ್ನು ಮಾಡುತ್ತೇನೆ. ಹಾಳೆಗಳು ಒಟ್ಟಾಗಿಯೇ ಇರುವ ಪಟ್ಟಿಯಾಗಿದ್ದರೆ ಇಷ್ಟೆಲ್ಲ ಬೇಕಿಲ್ಲ, ಒಂದೇ ಕೋಷ್ಟಕ ಸಾಕು.

ಇನ್ನು ಯಾವ ಪುಟದಲ್ಲಿ ಎಷ್ಟು ಸಾಲು ಕೂರುತ್ತದೆ ಎಂಬ ಲೆಕ್ಕ. ಎ4 ಹಾಳೆಯ ಎತ್ತರ 29.7 ಸೆಂ.ಮೀ. ಮೇಲೆ ಕೆಳಗೆ ಎರಡೆರಡು ಸೆಂ.ಮೀ. ಅಂಚು ಬಿಟ್ಟರೆ 25.7 ಉಳಿಯುತ್ತದೆ. ಮೂರು ಸಾಲಿನ ಶೀರ್ಷಿಕೆಗೆ 2.5 ಸೆಂ.ಮೀ. ಹೋದರೆ 23.2. ಸಹಿ ಮಾಡಲು ಬೇಕೆಂದು ಪ್ರತಿ ಸಾಲಿಗೆ ಒಂದು ಸೆಂ.ಮೀ. ಇಟ್ಟಿದ್ದೆ, ಹಾಗಾಗಿ ಪುಟಕ್ಕೆ 23 ಸಾಲು. ಯಾವ ಹೆಸರೂ ಎರಡು ಗೆರೆಗೆ ಬೆಳೆಯದಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಮೊದಲ ಪುಟದಲ್ಲಿ ಸಂಘದ ಹೆಸರು ಮತ್ತು ವರ್ಷಕ್ಕೆ ಇನ್ನೂ ಮೂರು ಸೆಂ.ಮೀ. ಹೋಗುವುದರಿಂದ ಅಲ್ಲಿ 20 ಮಾತ್ರ.

ಹೀಗೆ ನೋಡಿದರೆ ದೊಡ್ಡ ಊರಿನ 83 ಸದಸ್ಯರು ಮತ್ತು ಒಂದು ‘ಒಟ್ಟು’ ಸಾಲು ನಾಲ್ಕು ಪುಟಗಳಲ್ಲಿ ಮುಗಿದು, ನಾಲ್ಕನೆಯದರಲ್ಲಿ 18 ಸಾಲುಗಳು ಬರುತ್ತವೆ. ಎರಡನೇ ಊರು ಎರಡು ಪುಟ, ಎರಡನೆಯದರಲ್ಲಿ 19 ಸಾಲು. ಇವೆರಡಕ್ಕೂ ಏನೂ ಮಾಡಬೇಕಿಲ್ಲ. ತೊಂದರೆಯಿರುವುದು ಚಿಕ್ಕ ಹಳ್ಳಿಯಲ್ಲಿ: 24 ಸದಸ್ಯರಲ್ಲಿ 23 ಜನ ಏಳನೇ ಪುಟದಲ್ಲಿ ತುಂಬಿಕೊಂಡು, ಎಂಟನೇ ಪುಟದಲ್ಲಿ ಕೊನೆಯ ಒಬ್ಬರು ಮತ್ತು ‘ಒಟ್ಟು’ ಮಾತ್ರ ಉಳಿಯುತ್ತಾರೆ. ಒಬ್ಬ ಸದಸ್ಯರು ಕಡಿಮೆಯಾಗಿದ್ದರೆ ಇನ್ನೂ ಕೆಟ್ಟದಾಗಿರುತ್ತಿತ್ತು, ‘ಒಟ್ಟು’ ಸಾಲು ಒಂದೇ ಒಂದು ಹಾಳೆಯಲ್ಲಿ ಒಂಟಿಯಾಗಿ ಬರುತ್ತಿತ್ತು. ಹೆಸರೇ ಇಲ್ಲದ ಹಾಳೆಯ ಮೇಲೆ ಮೊತ್ತ ಮಾತ್ರ ಇರುವುದನ್ನು ಲೆಕ್ಕಪರಿಶೋಧಕರು ಯಾರೂ ಇಷ್ಟಪಡುವುದಿಲ್ಲ.

ಇದಕ್ಕೆ ಎರಡು ಪರಿಹಾರಗಳಿವೆ. ಆ ಕೋಷ್ಟಕದ ಸಾಲಿನ ಎತ್ತರವನ್ನು 0.9 ಸೆಂ.ಮೀ. ಮಾಡಿದರೆ 25 ಸಾಲುಗಳು 22.5 ಸೆಂ.ಮೀ.ನಲ್ಲಿ ಹಿಡಿಸಿ, ಇಡೀ ಹಳ್ಳಿ ಒಂದೇ ಹಾಳೆಗೆ ಬರುತ್ತದೆ. ಸಹಿ ಹಾಕುವವರೇ ಆದರೆ ಇದು ಒಳ್ಳೆಯದು. ಆದರೆ ಆ ಹಳ್ಳಿಯಲ್ಲಿ ಹೆಬ್ಬೆಟ್ಟು ಒತ್ತುವ ಹಿರಿಯರು ಕೆಲವರಿದ್ದರು, ಅವರಿಗೆ ಒಂದು ಸೆಂ.ಮೀ.ಯೇ ಇಕ್ಕಟ್ಟು. ಅದಕ್ಕೆ ಎರಡನೇ ಪರಿಹಾರ ಹಿಡಿದೆ. 22, 23 ಮತ್ತು 24ನೇ ಸದಸ್ಯರ ಸಾಲುಗಳನ್ನು ಆಯ್ದು `Paragraph` ಕಿಟಕಿಯಲ್ಲಿ `Keep with next` ಗುರುತು ಹಾಕಿದೆ. ಈ ಸಾಲು ತನ್ನ ಕೆಳಗಿನ ಸಾಲನ್ನು ಬಿಟ್ಟಿರಬಾರದು ಎಂದು ಅದರ ಅರ್ಥ. 24ನೆಯದು ‘ಒಟ್ಟು’ ಸಾಲಿಗೆ, 23ನೆಯದು 24ಕ್ಕೆ, 22ನೆಯದು 23ಕ್ಕೆ ಕಟ್ಟಿಕೊಂಡು ನಾಲ್ಕೂ ಸಾಲುಗಳು ಜೊತೆಯಾಗಿ ಎಂಟನೇ ಪುಟಕ್ಕೆ ಹೋದವು. ಏಳನೆಯದರಲ್ಲಿ 21 ಜನ ಉಳಿದರು. ‘ಒಟ್ಟು’ ಸಾಲಿಗೆ ಮಾತ್ರ ಆ ಗುರುತು ಹಾಕಬಾರದು, ಅದರ ಕೆಳಗೆ ಕಟ್ಟಿಕೊಳ್ಳಲು ಏನೂ ಇಲ್ಲ. ಹಾಗೆಯೇ ಇಡೀ ಕೋಷ್ಟಕಕ್ಕೆ ಈ ಗುರುತು ಹಾಕಿದವರನ್ನೂ ಕಂಡಿದ್ದೇನೆ. ಎಲ್ಲ ಸಾಲುಗಳನ್ನೂ ಒಂದೇ ಪುಟದಲ್ಲಿ ಇಡು ಎಂದು ಹೇಳಿದಂತಾಗುತ್ತದೆ ಅದು. ಪುಟಕ್ಕಿಂತ ಉದ್ದವಾದ ಕೋಷ್ಟಕದಲ್ಲಿ ಆ ಮಾತು ನಡೆಯುವಂಥದ್ದಲ್ಲ, ಪುಟಗಳು ನಾವು ಬಯಸಿದಲ್ಲಿ ಒಡೆಯುವುದೂ ಇಲ್ಲ.

ಇದೇ ಪಟ್ಟಿ ಎಕ್ಸೆಲ್‌ನಲ್ಲಿದ್ದರೆ `Page Layout` ಟ್ಯಾಬ್‌ನ `Print Titles` ಒತ್ತಿ, `Rows to repeat at top` ಎಂಬಲ್ಲಿ `$1:$3` ಎಂದು ಕೊಡಬೇಕು. ಪರದೆಯ ಮೇಲೆ ಶೀರ್ಷಿಕೆ ನಿಲ್ಲಿಸುವ `Freeze Panes` ಮುದ್ರಣಕ್ಕೆ ಏನೂ ಮಾಡುವುದಿಲ್ಲ, ಇವೆರಡನ್ನೂ ಒಂದೆಂದು ತಿಳಿಯುವುದು ದಿನನಿತ್ಯದ ತಪ್ಪು. ಮುದ್ರಣದ ಪುಟದಿಂದ `Page Setup` ತೆರೆದರೆ ಆ ಜಾಗ ಮಂಕಾಗಿರುತ್ತದೆ. `Page Layout` ಟ್ಯಾಬ್‌ನಿಂದಲೇ ತೆರೆಯಬೇಕು. ಪುಟದ ಗೆರೆಗಳನ್ನು `Page Break Preview` ನೋಟದಲ್ಲಿ ಎಳೆದು ಸರಿಸಬಹುದು, ತಾನಾಗಿ ಬಂದವು ತುಂಡು ಗೆರೆ, ನಾವು ಹಾಕಿದವು ಅಖಂಡ ಗೆರೆ. ಹಾಕಿದ ಗೆರೆ ಕೆಲಸ ಮಾಡದಿದ್ದರೆ `Fit to` ಆಯ್ಕೆಯಲ್ಲಿ ಇದೆಯೇ ಎಂದು ಮೊದಲು ನೋಡಿ, ಅದಿದ್ದಾಗ ಎಕ್ಸೆಲ್ ನಮ್ಮ ಗೆರೆಗಳನ್ನು ಕಡೆಗಣಿಸಬಹುದು. ಲಿಬ್ರೆ ಆಫೀಸ್ ರೈಟರ್‌ನಲ್ಲಿ ಕೋಷ್ಟಕದ `Text Flow` ಭಾಗದಲ್ಲಿ `Repeat heading` ಇದೆ, ಎಷ್ಟು ಸಾಲು ಎಂದು ಅಂಕಿಯಲ್ಲಿ ಕೊಡಬಹುದು.

ಮುದ್ರಣಕ್ಕೆ ಬೇರೆ ಅಂಗಡಿಗೆ ಕಳಿಸುವುದಾದರೆ ವರ್ಡ್ ಫೈಲನ್ನೇ ಕಳಿಸಬೇಡಿ, ಪಿಡಿಎಫ್ ಮಾಡಿ ಕಳಿಸಿ. ನಾನು ಬಳಸಿದ ಕನ್ನಡ ಫಾಂಟ್ ಅಲ್ಲಿ ಇಲ್ಲದಿದ್ದರೆ ವರ್ಡ್ ಇನ್ನೊಂದನ್ನು ಹಾಕಿಕೊಳ್ಳುತ್ತದೆ. ಅದರ ಅಕ್ಷರ ಸ್ವಲ್ಪ ಅಗಲವಾಗಿದ್ದರೂ ಹೆಸರುಗಳು ಎರಡು ಗೆರೆಗೆ ಬೆಳೆದು, ಮೇಲೆ ಮಾಡಿದ ಸೆಂ.ಮೀ. ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಪಟ್ಟಿ ಕೊಡುವ ಮೊದಲು ನಾನು ಈಗ ಒಂದು ಪರೀಕ್ಷೆ ಮಾಡುತ್ತೇನೆ. ಮೊದಲ ಊರಿನ ನಡುವೆ ಐದು ಖಾಲಿ ಸಾಲು ಸೇರಿಸಿ ಎಲ್ಲ ಪುಟಗಳನ್ನೂ ಒಮ್ಮೆ ತಿರುವಿ ನೋಡುತ್ತೇನೆ. ಪ್ರತಿ ಹಾಳೆಯ ತಲೆಯಲ್ಲಿ ಊರು ಮತ್ತು ಅಂಕಣಗಳ ಹೆಸರು ಹಾಗೆಯೇ ನಿಂತಿದ್ದು, ಮುಂದಿನ ಊರು ಹೊಸ ಹಾಳೆಯಿಂದಲೇ ಆರಂಭವಾಗಿದ್ದರೆ, `Ctrl+Z` ಒತ್ತಿ ಆ ಐದು ಸಾಲನ್ನು ತೆಗೆದು ಪ್ರಿಂಟ್ ಕೊಡುತ್ತೇನೆ.